ಕಸಿಯಾದ ಎಂಟು ತಿಂಗಳಲ್ಲಿ 9 ಕೆ.ಜಿ. ಏರಿದೆ, ಯಾವ ಪಥ್ಯ ಸರಿ?

ಸುಮನಾ_ಕೆ
ಎಲ್ಲರಿಗೂ ನಮಸ್ಕಾರ. ನನ್ನ ಪತಿಗೆ 46 ವರ್ಷ. ಎಂಟು ತಿಂಗಳ ಹಿಂದೆ ಕಿಡ್ನಿ ಕಸಿಯಾಯಿತು. ಕೊಟ್ಟವಳು ನಾನೇ, ನಾನು ಆರೋಗ್ಯವಾಗಿದ್ದೇನೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ತೂಕ 58 ಕೆ.ಜಿ. ಇತ್ತು, ಈಗ 67 ಆಗಿದೆ. ಮುಖ ದುಂಡಗಾಗಿದೆ, ಹೊಟ್ಟೆ ಬಂದಿದೆ. ಹಳೆಯ ಅಂಗಿಗಳು ಹಿಡಿಸುತ್ತಿಲ್ಲವೆಂದು ತಾವೇ ಪಥ್ಯ ಶುರು ಮಾಡಿಕೊಂಡಿದ್ದಾರೆ. ಮೂರು ವಾರದಿಂದ ರಾತ್ರಿ ಊಟ ಬಿಟ್ಟಿದ್ದಾರೆ. ಬೆಳಿಗ್ಗೆ ತಿಂಡಿಯ ಬದಲು ಎರಡು ದೊಡ್ಡ ಲೋಟ ಹಣ್ಣಿನ ರಸ ಕುಡಿಯುತ್ತಾರೆ. ಮೊದಲು ಕಿತ್ತಳೆ ಇತ್ತು, ಈಗ ಕೊಬ್ಬು ಕರಗಿಸುತ್ತದೆಂದು ಎಲ್ಲೋ ಓದಿ ಚಕ್ಕೋತಕ್ಕೆ ಬದಲಾಯಿಸಿದ್ದಾರೆ. ತೂಕ ಮಾತ್ರ ಒಂದೇ ಕೆ.ಜಿ. ಇಳಿದಿದೆ.

ಮಾತ್ರೆಗಳು: ಟ್ಯಾಕ್ರೋಲಿಮಸ್ 3 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ, ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್ 5 ಮಿ.ಗ್ರಾಂ. ಬೆಳಿಗ್ಗೆ. ಸಕ್ಕರೆ ಕಾಯಿಲೆ ಇಲ್ಲ, ಬರಿಹೊಟ್ಟೆಯಲ್ಲಿ 96 ಬಂದಿದೆ. ಕ್ರಿಯಾಟಿನಿನ್ 1.2 ಇದ್ದದ್ದು ಈ ಬಾರಿ 1.6. ಕಡಿಮೆ ನೀರು ಕುಡಿದಿದ್ದರಿಂದ ಇರಬಹುದು ಎಂದು ಅವರು ಹೇಳುತ್ತಾರೆ. ಸುರಕ್ಷಿತವಾಗಿ ತೂಕ ಇಳಿಸುವ ಪಥ್ಯವನ್ನು ಯಾರಾದರೂ ತಿಳಿಸಿ.

ಮಂಜು_ಡಯಾಲಿಸಿಸ್
ಮೇಡಂ, ಹಣ್ಣು ಪೂರ್ತಿ ನಿಲ್ಲಿಸಿ. ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯವಾಗುತ್ತದೆ. ತರಕಾರಿಯನ್ನು ಹೆಚ್ಚಿ ನೀರಿನಲ್ಲಿ ನೆನೆಸಿಟ್ಟು, ಆ ನೀರನ್ನು ಚೆಲ್ಲಿ ಬೇಯಿಸಿ. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಡ. ನಾನು ನಾಲ್ಕು ವರ್ಷದಿಂದ ಹೀಗೆಯೇ ನಡೆಸುತ್ತಿದ್ದೇನೆ.

ಜ್ಯೋತ್ಸ್ನಾ_ನಿವೃತ್ತ
ಮಂಜು ಅವರೇ, ನಿಮ್ಮ ಕ್ರಮ ಡಯಾಲಿಸಿಸ್‌ನಲ್ಲಿರುವವರದು. ಇವರಿಗೆ ಕಸಿಯಾಗಿದೆ, ಮೂತ್ರ ಚೆನ್ನಾಗಿ ಹೋಗುತ್ತಿದೆ. ಇವರು ನೀರು ಕಡಿಮೆ ಮಾಡಿದರೆ ಹೊಸ ಕಿಡ್ನಿಗೇ ಪೆಟ್ಟು.

ಸುಮನಾ, ತೂಕದ ಮಾತನ್ನು ನಾಳೆಗೆ ಇಟ್ಟುಕೊಳ್ಳೋಣ. ನಾನು ಕಸಿ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಚಕ್ಕೋತದ ಮೇಲೆ. ಮೂರು ವಿಷಯ ಬೇಗ ತಿಳಿಸಿ. ಈ ಬಾರಿ ಟ್ಯಾಕ್ರೋಲಿಮಸ್ ಲೆವೆಲ್ ಎಷ್ಟು ಬಂತು? ಅವರ ಕೈ ನಡುಗುತ್ತಿದೆಯೇ, ಸಹಿ ಹಾಕುವಾಗ ಅಥವಾ ಲೋಟ ಹಿಡಿಯುವಾಗ? ವೈದ್ಯರು ಡೋಸ್ ಬದಲಾಯಿಸಲು ಹೇಳಿದ್ದಾರೆಯೇ?

ಸುಮನಾ_ಕೆ
ಅಕ್ಕಾ, ಲೆವೆಲ್ 15.8 ಬಂದಿದೆ. ಹೋದ ತಿಂಗಳು 7.1 ಇತ್ತು. ಕೈ ನಡುಗುವುದು ನಿಜ. ಶೇವ್ ಮಾಡಿಕೊಳ್ಳಲು ಆಗುತ್ತಿಲ್ಲ ಎನ್ನುತ್ತಿದ್ದರು, ಊಟ ಬಿಟ್ಟ ನಿಶ್ಶಕ್ತಿ ಎಂದುಕೊಂಡಿದ್ದೆವು. ನಾಳೆಯಿಂದ 3ರ ಬದಲು 2 ಮಿ.ಗ್ರಾಂ. ತೆಗೆದುಕೊಳ್ಳಲು ಫೋನಿನಲ್ಲಿ ತಿಳಿಸಿದ್ದಾರೆ. ಚಕ್ಕೋತದ ವಿಷಯ ನಾವು ಹೇಳಿರಲಿಲ್ಲ. ಹಣ್ಣು ತಾನೇ ಎಂದು.

ರಾಘವೇಂದ್ರ_7ವರ್ಷ
ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗಿ ರಕ್ತ ಕೊಟ್ಟಿರಬೇಕು. ಹಾಗೆ ಮಾಡಿದರೆ ಲೆವೆಲ್ ಹೀಗೆಯೇ ಜಾಸ್ತಿ ತೋರಿಸುತ್ತದೆ, ನನಗೂ ಒಮ್ಮೆ 18 ಬಂದಿತ್ತು. ಇನ್ನು ಚಕ್ಕೋತ ಮಾತ್ರವಲ್ಲ, ಹುಳಿ ಹಣ್ಣುಗಳೆಲ್ಲ ನಿಷಿದ್ಧ. ತಿನ್ನಲೇಬೇಕೆಂದರೆ ಮಾತ್ರೆಗೂ ಹಣ್ಣಿಗೂ ಎರಡು ಗಂಟೆ ಅಂತರವಿಟ್ಟರೆ ಸಾಕು.

ಸುಮನಾ_ಕೆ
ಇಲ್ಲ ಸರ್, ಮಾತ್ರೆಯನ್ನು ಡಬ್ಬಿಯಲ್ಲಿ ಒಯ್ದಿದ್ದರು. ರಕ್ತ ಕೊಟ್ಟ ಮೇಲೆಯೇ ನುಂಗಿದ್ದು. ಹಿಂದಿನ ರಾತ್ರಿಯ ಮಾತ್ರೆಗೂ ಅದಕ್ಕೂ ಸರಿಯಾಗಿ ಹನ್ನೆರಡು ಗಂಟೆ ಆಗಿತ್ತು.

ಜ್ಯೋತ್ಸ್ನಾ_ನಿವೃತ್ತ
ಹಾಗಾದರೆ ಅದು ನಿಜವಾದ ಲೆವೆಲ್. ಸುಮನಾ, ಈ ರಾತ್ರಿಯೇ ಆಸ್ಪತ್ರೆಗೆ ಫೋನ್ ಮಾಡಿ, ಚಕ್ಕೋತದ ವಿಷಯವನ್ನೇ ಮೊದಲು ಹೇಳಿ. ಬೆಳಗಾಗುವವರೆಗೆ ಕಾಯಬೇಡಿ. ಕಾರಣ ಇಷ್ಟು. ಟ್ಯಾಕ್ರೋಲಿಮಸ್‌ನ ದೊಡ್ಡ ಪಾಲು ರಕ್ತಕ್ಕೆ ಸೇರುವ ಮೊದಲೇ ಕರುಳಿನ ಗೋಡೆಯಲ್ಲಿರುವ ಒಂದು ಕಿಣ್ವದ ಕೈಗೆ ಸಿಕ್ಕಿ ಒಡೆದುಹೋಗುತ್ತದೆ. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ 3 ಮಿ.ಗ್ರಾಂ. ಎಂದು ನಿಗದಿ ಮಾಡಿರುತ್ತಾರೆ. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್‌ನಲ್ಲಿರುವ ಅಂಶ ಆ ಕಿಣ್ವವನ್ನೇ ಕೆಡಿಸುತ್ತದೆ. ಆಗ ಅದೇ ಮೂರು ಮಿ.ಗ್ರಾಂ. ಮಾತ್ರೆಯಿಂದ ಎರಡರಷ್ಟು ಔಷಧ ರಕ್ತಕ್ಕೆ ಇಳಿಯಬಹುದು. ಕೈ ನಡುಕ, ಕ್ರಿಯಾಟಿನಿನ್ ಏರಿಕೆ ಎರಡೂ ಅದರ ಗುರುತು. ಹೆಚ್ಚಾದ ಟ್ಯಾಕ್ರೋಲಿಮಸ್ ಕಿಡ್ನಿಯ ಸಣ್ಣ ರಕ್ತನಾಳಗಳನ್ನು ಬಿಗಿದು ರಕ್ತದ ಹರಿವನ್ನು ತಗ್ಗಿಸುತ್ತದೆ.

ಡೋಸ್ ಬದಲಾಯಿಸುವ ಮುಂಚೆಯೇ ಹೇಳಬೇಕು ಎಂದದ್ದು ಏಕೆಂದರೆ, ಹಣ್ಣು ನಿಂತ ಮೇಲೆ ಕಿಣ್ವ ಮತ್ತೆ ಹುಟ್ಟಿಕೊಳ್ಳುತ್ತದೆ, ಲೆವೆಲ್ ತಾನಾಗಿಯೇ ಇಳಿಯುತ್ತದೆ. ಅದೇ ಹೊತ್ತಿಗೆ ಡೋಸ್ ಕೂಡ ಇಳಿಸಿದ್ದರೆ ಔಷಧ ಸಾಲದೆ ಹೋಗಿ ದೇಹ ಕಿಡ್ನಿಯನ್ನು ತಿರಸ್ಕರಿಸಲು ತೊಡಗಬಹುದು. ಎಷ್ಟು ಇಳಿಸಬೇಕು, ಒಂದು ಹೊತ್ತಿನ ಮಾತ್ರೆ ಬಿಡಬೇಕೇ, ಮತ್ತೆ ಎಂದು ರಕ್ತ ಕೊಡಬೇಕು ಎಂಬುದನ್ನು ಅವರೇ ಹೇಳಲಿ. ನೀವಾಗಿ ಏನನ್ನೂ ಬಿಡಬೇಡಿ, ಸೇರಿಸಬೇಡಿ.

ರಾಘವೇಂದ್ರ ಅವರೇ, ಮಾತ್ರೆ ನುಂಗಿ ರಕ್ತ ಕೊಟ್ಟರೆ ಲೆವೆಲ್ ಸುಳ್ಳಾಗಿ ಏರುತ್ತದೆ ಎಂದಿರಿ, ಅದು ಸರಿ. ಆದರೆ ಎರಡು ಗಂಟೆಯ ಅಂತರ ಇಲ್ಲಿ ಪ್ರಯೋಜನಕ್ಕೆ ಬಾರದು. ಹಣ್ಣು ಮಾತ್ರೆಯನ್ನು ಮುಟ್ಟುವುದಿಲ್ಲ, ಕಿಣ್ವವನ್ನು ಮುಟ್ಟುತ್ತದೆ. ಹೊಸ ಕಿಣ್ವ ತಯಾರಾಗಲು ಎರಡು ಮೂರು ದಿನ ಬೇಕು. ಸಿಹಿ ಕಿತ್ತಳೆಗೆ ಈ ದೋಷವಿಲ್ಲ. ಮಾರ್ಮಲೇಡ್‌ಗೆ ಬಳಸುವ ಕಹಿ ಕಿತ್ತಳೆಗೆ ಇದೆ. ಹಣ್ಣು ಹುಳಿಯಾಗಿರುವುದು ಇಲ್ಲಿ ತಪ್ಪೇನಲ್ಲ.

ಸುಮನಾ_ಕೆ
ಫೋನ್ ಮಾಡಿದೆ. ಕರ್ತವ್ಯದಲ್ಲಿದ್ದ ವೈದ್ಯರು ಈ ರಾತ್ರಿಯ ಒಂದು ಮಾತ್ರೆ ಬಿಡಲು ಹೇಳಿದರು. ನಾಳೆ ಬೆಳಿಗ್ಗೆಯಿಂದ ಹಳೆಯ ಡೋಸೇ, 3 ಮಿ.ಗ್ರಾಂ. ನಾಲ್ಕನೆಯ ದಿನ ಮತ್ತೆ ರಕ್ತ. ಚಕ್ಕೋತ ಎಂದ ಕೂಡಲೇ ಅವರ ಧ್ವನಿಯೇ ಬದಲಾಯಿತು. ಕೈಕಾಲು ಬಿದ್ದುಹೋದಂತಾಗಿದೆ ನನಗೆ. ನಾನೇ ಬಿಡಿಸಿ, ಹಿಂಡಿ ಕೊಡುತ್ತಿದ್ದೆ.

ನಳಿನಿ_ಪಿ
ಸುಮನಾ, ನಿಮ್ಮ ಸ್ಥಿತಿ ಅರ್ಥವಾಗುತ್ತದೆ. ನನಗೆ ಕಸಿಯಾಗಿ ಒಂಬತ್ತು ವರ್ಷ. ಮೊದಲ ವರ್ಷದಲ್ಲಿ ನಾನೂ ಹೀಗೆಯೇ ಎಡವಿದ್ದೆ. ಹಿಂದಿನ ದಿನ ಹೊರಗಿಟ್ಟಿದ್ದ ಅನ್ನ ತಿಂದು ಭೇದಿ ಶುರುವಾಯಿತು. ಮಾತ್ರೆ ನಿಲ್ಲದೆ ಹೊರಗೆ ಹೋಗುತ್ತಿದೆ ಎಂದು ಲೆಕ್ಕ ಹಾಕಿ ಎರಡು ದಿನ ಒಂದೊಂದು ಮಾತ್ರೆ ಹೆಚ್ಚಿಗೆ ನುಂಗಿದೆ. ಆಸ್ಪತ್ರೆ ಸೇರಿದಾಗ ಲೆವೆಲ್ 20 ದಾಟಿತ್ತು.

ರಾಘವೇಂದ್ರ_7ವರ್ಷ
ಅದು ಹೇಗೆ? ಭೇದಿಯಾದರೆ ಔಷಧ ಕಡಿಮೆಯಲ್ಲವೇ ಆಗಬೇಕು?

ಜ್ಯೋತ್ಸ್ನಾ_ನಿವೃತ್ತ
ಬೇರೆ ಮಾತ್ರೆಗಳಿಗೆ ಹೌದು. ಟ್ಯಾಕ್ರೋಲಿಮಸ್‌ಗೆ ಅನೇಕ ಬಾರಿ ಉಲ್ಟಾ. ಭೇದಿಯಲ್ಲಿ ಕರುಳಿನ ಒಳಪದರ ಊದಿ ಸವೆಯುತ್ತದೆ, ಅದೇ ಕಿಣ್ವ ಇರುವ ಪದರ. ಚಕ್ಕೋತ ಮಾಡಿದ ಕೆಲಸವನ್ನೇ ಸೋಂಕು ಮಾಡುತ್ತದೆ. ಮೇಲಿಂದ ನೀರು ಬತ್ತಿ ಕ್ರಿಯಾಟಿನಿನ್ ಮತ್ತಷ್ಟು ಏರುತ್ತದೆ. ಆದ್ದರಿಂದ ಭೇದಿ ಒಂದು ದಿನ ದಾಟಿದರೆ, ಜ್ವರ ಜೊತೆಗಿದ್ದರೆ ಅಂದೇ, ಲೆವೆಲ್ ಮತ್ತು ಕ್ರಿಯಾಟಿನಿನ್ ಎರಡನ್ನೂ ನೋಡಿಸಬೇಕು.

ನಳಿನಿಯವರ ಅನ್ನದ ಕಥೆಯಲ್ಲಿ ಇನ್ನೊಂದು ಮಾತಿದೆ. ಕಸಿಯಾದವರ ಅಡುಗೆಮನೆಯಲ್ಲಿ ಜನ ಹೆದರುವುದು ಹಣ್ಣು ತರಕಾರಿಗೆ. ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವು ಬೇಯಿಸಿ ಮರೆತ ಆಹಾರದಿಂದ ಬಂದವು. ಅನ್ನದಲ್ಲಿ ಕುದಿಸಿದರೂ ಸಾಯದ ಬೀಜಾಣುಗಳಿರುತ್ತವೆ. ಅನ್ನ ಬೆಚ್ಚಗೆ ಕುಳಿತಿದ್ದಷ್ಟು ಹೊತ್ತೂ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷವೂ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಆದ್ದರಿಂದ ಎರಡು ಗಂಟೆಯೊಳಗೆ ಫ್ರಿಜ್‌ಗೆ, ಆಳವಿಲ್ಲದ ಪಾತ್ರೆಯಲ್ಲಿ, ಬೇಗ ತಣಿಯುವಂತೆ. ಫ್ರಿಜ್ ಕೂಡ ಪೂರ್ತಿ ಕಾವಲಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಅಲ್ಲಿನ ತಂಪಿನಲ್ಲೂ ಬೆಳೆಯುತ್ತದೆ. ಕಾಯಿಸದ ಹಾಲು, ಅದರಿಂದ ಮಾಡಿದ ಮೆದು ಚೀಸ್, ಹಸಿ ಮೊಳಕೆಕಾಳು, ಅರೆಬೆಂದ ಮೊಟ್ಟೆ ಮತ್ತು ಮಾಂಸ ಇವು ನಿಜಕ್ಕೂ ಬೇಡ. ಮೊಳಕೆಯನ್ನು ಎಷ್ಟು ತೊಳೆದರೂ ಉಪಯೋಗವಿಲ್ಲ, ಸೂಕ್ಷ್ಮಜೀವಿ ಕಾಳಿನೊಳಗೇ ಇರಬಹುದು. ಬೇಯಿಸಿ ತಿನ್ನಲಿ. ಸಿಪ್ಪೆ ಸುಲಿದು ಆಗಲೇ ತಿನ್ನುವ ಹಣ್ಣಿಗೆ ಭಯಬೇಡ.

ಸುಮನಾ_ಕೆ
ನಾಲ್ಕನೆಯ ದಿನದ ವರದಿ ಬಂತು. ಲೆವೆಲ್ 7.4, ಕ್ರಿಯಾಟಿನಿನ್ 1.3. ನಡುಕ ಬಹುಪಾಲು ನಿಂತಿದೆ. ಅಕ್ಕಾ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ. ಈಗ ಮೊದಲಿನ ಪ್ರಶ್ನೆಗೆ ಬರಬಹುದೇ? ತೂಕ ಇಳಿಸುವುದು ಹೇಗೆ?

ಜ್ಯೋತ್ಸ್ನಾ_ನಿವೃತ್ತ
ಬಹಳ ನೆಮ್ಮದಿಯಾಯಿತು. ಈಗ ತೂಕ. ಮೊದಲು ಕಾಲಿನ ಗಿಣ್ಣಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೆಯೇ ನಿಂತರೆ, ಅಥವಾ ತೂಕ ಎರಡು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಅದು ನೀರು, ವೈದ್ಯರ ಕೆಲಸ. ನಿಮ್ಮವರದು ಎಂಟು ತಿಂಗಳಲ್ಲಿ ನಿಧಾನವಾಗಿ ಏರಿದ್ದು, ಕೊಬ್ಬೇ ಇರಬೇಕು.

ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಒಂಬತ್ತು ಕೆ.ಜಿ.ಗೆ ಹತ್ತಿರ ಹತ್ತಿರ 70,000. ಅದನ್ನು 240 ದಿನಗಳಿಗೆ ಹಂಚಿದರೆ ದಿನಕ್ಕೆ 290. ಅಂದರೆ ಅವರು ಹೊಟ್ಟೆಬಾಕರಂತೆ ತಿಂದಿಲ್ಲ. ಪ್ರತಿದಿನ ಸ್ವಲ್ಪ ಹೆಚ್ಚಾಗಿದೆ, ಅಷ್ಟೇ. ಕಾಲು ಲೀಟರಿನ ಒಂದು ಲೋಟ ಕಿತ್ತಳೆ ರಸದಲ್ಲಿ ನೂರಕ್ಕೂ ಸ್ವಲ್ಪ ಮೇಲೆ ಕ್ಯಾಲೊರಿ ಇರುತ್ತದೆ. ಚಕ್ಕೋತಕ್ಕೆ ಮುಂಚೆ ಅವರು ಎಷ್ಟು ರಸ ಕುಡಿಯುತ್ತಿದ್ದರು?

ಸುಮನಾ_ಕೆ
ಮೂರು ಲೀಟರ್ ದ್ರವ ಕುಡಿಯಬೇಕು ಎಂದಿದ್ದರು. ಬರೀ ನೀರು ಕುಡಿಯಲಾಗದೆ ಬೆಳಿಗ್ಗೆ ಎರಡು, ಸಂಜೆ ಒಂದು ಲೋಟ ರಸ ಕುಡಿಯುತ್ತಿದ್ದರು. ಮೊದಲ ತಿಂಗಳಿನಿಂದಲೂ.

ಜ್ಯೋತ್ಸ್ನಾ_ನಿವೃತ್ತ
ಹಾಗಾದರೆ ಆ 290 ಬಹುಪಾಲು ಲೋಟದಲ್ಲಿಯೇ ಇತ್ತು. ಇದು ತುಂಬಾ ಕಡೆ ಕಾಣುವ ಸಂಗತಿ. ಡಯಾಲಿಸಿಸ್ ಕಾಲದಲ್ಲಿ ಬಾಯಾರಿದರೂ ಅಳೆದು ಕುಡಿದವರು, ಹಣ್ಣೆಂದರೆ ಹೆದರಿದವರು. ಕಸಿಯ ನಂತರ ರುಚಿ ಮರಳುತ್ತದೆ, ಪ್ರೆಡ್ನಿಸೋಲೋನ್ ಹಸಿವನ್ನು ಕೆದಕುತ್ತದೆ, ದ್ರವ ಹೆಚ್ಚು ಕುಡಿಯಿರಿ ಎಂಬ ಸಲಹೆ ಸಕ್ಕರೆಯ ದಾರಿಯಾಗುತ್ತದೆ. ಮೂರು ಲೀಟರನ್ನೂ ನೀರಾಗಿಯೇ ಕುಡಿಯಲಿ, ಹಣ್ಣನ್ನು ಅಗಿದು ತಿನ್ನಲಿ. ಇಷ್ಟರಿಂದಲೇ ಏರಿಕೆ ನಿಲ್ಲಬೇಕು. ಇಳಿಸಲು ದಿನವೂ ನಡಿಗೆ, ತಟ್ಟೆಯಲ್ಲಿ ಅನ್ನದ ಪಾಲು ತುಸು ಕಡಿಮೆ. ವಾರಕ್ಕೆ ಅರ್ಧ ಕೆ.ಜಿ.ಗಿಂತ ವೇಗ ಬೇಡ.

ರಾತ್ರಿ ಊಟ ಬಿಡುವುದನ್ನು ನಾನು ಒಪ್ಪುವುದಿಲ್ಲ. ಟ್ಯಾಕ್ರೋಲಿಮಸ್ ಬರಿಹೊಟ್ಟೆಯಲ್ಲಿ ಹೆಚ್ಚು ಹೀರಲ್ಪಡುತ್ತದೆ, ಊಟದ ಜೊತೆ ಕಡಿಮೆ. ಒಂದು ದಿನ ಊಟದೊಂದಿಗೆ, ಮರುದಿನ ಬರಿಹೊಟ್ಟೆಯಲ್ಲಿ ನುಂಗಿದರೆ ಲೆವೆಲ್ ಏರಿಳಿಯುತ್ತಲೇ ಇರುತ್ತದೆ. ಯಾವ ರೀತಿಯಾದರೂ ಸರಿ, ದಿನವೂ ಅದೇ ರೀತಿ ಇರಲಿ.

ಇನ್ನೊಂದು ಅನುಮಾನ. ಬರಿಹೊಟ್ಟೆಯ 96 ನನಗೆ ಸಮಾಧಾನ ಕೊಡುವುದಿಲ್ಲ. ಬೆಳಿಗ್ಗೆ ನುಂಗಿದ ಪ್ರೆಡ್ನಿಸೋಲೋನ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ, ಬೆಳಗಿನ ಪರೀಕ್ಷೆಗೆ ಸಿಗುವುದಿಲ್ಲ. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿ.

ಸುಮನಾ_ಕೆ
ಎರಡು ದಿನ ನೋಡಿದೆವು. 212, ಮರುದಿನ 204. ಕಸಿಗೆ ಮುಂಚೆ ಸಕ್ಕರೆ ಇರಲೇ ಇಲ್ಲ.

ಜ್ಯೋತ್ಸ್ನಾ_ನಿವೃತ್ತ
ಈ ಎರಡು ಸಂಖ್ಯೆಗಳನ್ನೂ ದಿನಾಂಕ, ಸಮಯದೊಂದಿಗೆ ಬರೆದು ಮುಂದಿನ ಭೇಟಿಗೆ ಒಯ್ಯಿರಿ. ಭೇಟಿ ದೂರವಿದ್ದರೆ ಫೋನ್ ಮಾಡಿ. ಕಸಿಯ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಅಪರೂಪವಲ್ಲ. ಟ್ಯಾಕ್ರೋಲಿಮಸ್ ಕೂಡ ಇನ್ಸುಲಿನ್ ಬಿಡುಗಡೆಯನ್ನು ತಡೆಯುತ್ತದೆ, ಲೆವೆಲ್ 15 ಇದ್ದ ವಾರಗಳ ನೆರಳು ಇನ್ನೂ ಇರಬಹುದು. ಆದ್ದರಿಂದ ಇದು ಉಳಿಯುವ ಕಾಯಿಲೆಯೋ ಅಲ್ಲವೋ ಎಂದು ನಾನು ಹೇಳಲಾರೆ.

ದಿನಕರ_14
ಚರ್ಚೆ ಓದಿದೆ. ನನಗೆ ಕಸಿಯಾಗಿ 14 ವರ್ಷ, ಅಜಾಥಿಯೋಪ್ರಿನ್ ಮೇಲಿದ್ದೇನೆ. ನನಗೆ ತೂಕ ಏರಲಿಲ್ಲ, ಪಥ್ಯವೂ ಇಲ್ಲ. ನನ್ನದು ಕಿವಿಯ ವಿಷಯ. ಕಿವಿಯ ಅಂಚಿನಲ್ಲಿ ಒರಟಾದ ಹೆಕ್ಕಳೆ ಬಂತು, ಕಿತ್ತರೆ ರಕ್ತ, ಮತ್ತೆ ಹೆಕ್ಕಳೆ. ಮೂರು ತಿಂಗಳು ಮುಲಾಮು ಹಚ್ಚಿದೆ. ಬಯಾಪ್ಸಿಯಲ್ಲಿ ಚರ್ಮದ ಕ್ಯಾನ್ಸರ್, ಸ್ಕ್ವಾಮಸ್ ಸೆಲ್ ಎಂದು ಬಂತು. ಕಿವಿಯ ಅಂಚನ್ನು ಕತ್ತರಿಸಿ ತೆಗೆದರು. ನಾನು ಚಾಲಕ. ದಿನವಿಡೀ ಗಾಜಿನ ಹಿಂದೆ ಇರುತ್ತೇನೆ, ಬಿಸಿಲಿಗೆ ಹೋದವನೇ ಅಲ್ಲ. ನನಗೇಕೆ ಬಂತು?

ರಾಘವೇಂದ್ರ_7ವರ್ಷ
ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಬರುವುದು ಎಂದು ಓದಿದ್ದೇನೆ. ಕಪ್ಪು ಚರ್ಮದವರಿಗೆ ಸನ್‌ಸ್ಕ್ರೀನ್ ಅನಗತ್ಯ ಖರ್ಚು.

ಜ್ಯೋತ್ಸ್ನಾ_ನಿವೃತ್ತ
ದಿನಕರ ಅವರೇ, ಪಕ್ಕದ ಕಿಟಕಿಯ ಗಾಜು ಚರ್ಮವನ್ನು ಸುಡುವ ಯುವಿ-ಬಿ ಕಿರಣವನ್ನು ತಡೆಯುತ್ತದೆ, ಯುವಿ-ಎಯನ್ನು ಸಾಕಷ್ಟು ಒಳಬಿಡುತ್ತದೆ. ಆದ್ದರಿಂದ ಚರ್ಮ ಸುಟ್ಟ ಅನುಭವವಾಗುವುದಿಲ್ಲ, ಹಾನಿ ನಡೆಯುತ್ತಿರುತ್ತದೆ. ಅಜಾಥಿಯೋಪ್ರಿನ್ ಚರ್ಮದ ಜೀವಕೋಶಗಳ ಡಿಎನ್‌ಎಯನ್ನು ನಿರ್ದಿಷ್ಟವಾಗಿ ಯುವಿ-ಎಗೆ ಸೂಕ್ಷ್ಮವಾಗಿಸುತ್ತದೆ. ಹದಿನಾಲ್ಕು ವರ್ಷದ ಲೆಕ್ಕ ಅದು. ನಿಮ್ಮ ಕಿಟಕಿಯ ಕಡೆಯ ಕಿವಿಯೇ ಅಲ್ಲವೇ? ಈ ಔಷಧವನ್ನು ಬೇರೆಯದಕ್ಕೆ ಬದಲಾಯಿಸುವ ಬಗ್ಗೆ ವೈದ್ಯರನ್ನು ಕೇಳಿ. ಒಮ್ಮೆ ಬಂದವರಿಗೆ ಎರಡನೆಯದು ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಚರ್ಮತಜ್ಞರ ಭೇಟಿ ವರ್ಷಕ್ಕೊಮ್ಮೆ ಸಾಲದು.

ರಾಘವೇಂದ್ರ ಅವರೇ, ನೀವು ಅರ್ಧ ಸರಿ. ಬಿಸಿಲಿನಿಂದ ಬರುವ ಕ್ಯಾನ್ಸರ್ ತಿಳಿಬಣ್ಣದವರಲ್ಲಿ ಬಹಳ ಹೆಚ್ಚು. ಗಾಢ ಬಣ್ಣದವರಲ್ಲಿ ಕಸಿಯ ನಂತರದ ಚರ್ಮದ ಕ್ಯಾನ್ಸರ್ ಎಷ್ಟೋ ಬಾರಿ ಬಿಸಿಲೇ ಬೀಳದ ಜಾಗದಲ್ಲಿ ಬರುತ್ತದೆ. ಜನನಾಂಗದ ಸುತ್ತ, ಗುದದ ಬಳಿ, ಎಚ್‌ಪಿವಿ ವೈರಸ್ ಜೊತೆ ಸೇರಿಕೊಂಡು. ಬಟ್ಟೆ ತೆಗೆದು ನೋಡದೆ ಮುಗಿಸುವ ತಪಾಸಣೆ ಅವರಿಗೆ ವ್ಯರ್ಥ. ಬೆಳೆಯುವ ನರುಲಿ, ನೇರಳೆ ಬಣ್ಣದ ಕಲೆ, ಒಂದು ತಿಂಗಳಾದರೂ ಮಾಯದ ಹುಣ್ಣು ಎಲ್ಲಿದ್ದರೂ ಹೇಳಬೇಕು, ನಾಚಿಕೆ ಬೇಡ.

ದಿನಕರ_14
ಹೌದು, ಕಿಟಕಿಯ ಕಡೆಯದೇ. ಇಷ್ಟು ವರ್ಷ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಸನ್‌ಸ್ಕ್ರೀನ್ ಹಚ್ಚುತ್ತಿದ್ದ ದಿನಗಳಲ್ಲೂ ಮುಖಕ್ಕೆ ಮಾತ್ರ ಹಚ್ಚುತ್ತಿದ್ದೆ.

ನಳಿನಿ_ಪಿ
ಕಿವಿ, ಕತ್ತಿನ ಹಿಂಭಾಗ, ತುಟಿ ಎಲ್ಲರೂ ಮರೆಯುವ ಜಾಗಗಳು. ನನಗೆ ಚರ್ಮತಜ್ಞರು ತೋರಿಸಿದ ಅಳತೆ: ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಕ್ರೀಮ್ ಹಿಂಡಿಕೊಂಡರೆ ಮುಖ, ಕತ್ತಿಗೆ ಆಗುತ್ತದೆ. ಎಸ್‌ಪಿಎಫ್ 50 ಇರಲಿ, ಯುವಿ-ಎ ರಕ್ಷಣೆ ಎಂದೂ ಬರೆದಿರಲಿ. ಆದರೂ ನನಗೆ ಹೆಚ್ಚು ನಂಬಿಕೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಮೇಲೆ. ಅವು ಬೆವರಿಗೆ ಕರಗಿಹೋಗುವುದಿಲ್ಲ. ಹೀಗೆ ಬಿಸಿಲು ತಪ್ಪಿಸುವವರು ವಿಟಮಿನ್ ಡಿ ನೋಡಿಸಿಕೊಳ್ಳಬೇಕು, ನನ್ನದು ಬಹಳ ಕಡಿಮೆ ಬಂದಿತ್ತು.

ಸುಮನಾ_ಕೆ
ದಿನಕರ ಸರ್ ಬರೆದದ್ದನ್ನು ಓದಿ ಇವರು ಗಾಬರಿಯಾಗಿದ್ದಾರೆ. ಒಂದು ಪ್ರಯೋಗಾಲಯದವರ ಪ್ಯಾಕೇಜಿನಲ್ಲಿ ರಕ್ತದಿಂದಲೇ ಎಲ್ಲ ಕ್ಯಾನ್ಸರ್ ಗುರುತುಗಳನ್ನೂ ನೋಡುತ್ತಾರಂತೆ. ಮಾಡಿಸಿಬಿಡಲೇ?

ರಾಘವೇಂದ್ರ_7ವರ್ಷ
ನಾನು ಪ್ರತಿ ವರ್ಷ ಮಾಡಿಸುತ್ತೇನೆ. ಎಲ್ಲ ಸರಿ ಎಂದು ಬಂದರೆ ಮನಸ್ಸಿಗೆ ನೆಮ್ಮದಿ.

ಜ್ಯೋತ್ಸ್ನಾ_ನಿವೃತ್ತ
ನನ್ನ ಮಾತು ಬೇಡ ಎಂದೇ. ಆ ಗುರುತುಗಳು ಮುಖ್ಯವಾಗಿ, ಈಗಾಗಲೇ ಇರುವ ಕ್ಯಾನ್ಸರ್ ಚಿಕಿತ್ಸೆಗೆ ಬಗ್ಗುತ್ತಿದೆಯೇ ಎಂದು ನೋಡಲು. ಆರೋಗ್ಯವಂತರಲ್ಲಿ ಹುಡುಕಲು ಅಲ್ಲ. ಸಣ್ಣ ಉರಿಯೂತಕ್ಕೂ ಏರುತ್ತವೆ, ನಿಜವಾದ ಗಡ್ಡೆ ಇದ್ದಾಗಲೂ ಸಹಜವಾಗಿರಬಹುದು. ಏರಿತೆಂದರೆ ಮುಂದಿನ ಸಿಟಿ ಸ್ಕ್ಯಾನಿಗೆ ಚುಚ್ಚುವ ದ್ರವ ಆ ಒಂದೇ ಕಿಡ್ನಿಗೆ ಹೊರೆಯಾಗಬಹುದು. ನಿಮ್ಮವರ ವಯಸ್ಸಿಗೆ ದೊಡ್ಡ ಕರುಳಿನ ತಪಾಸಣೆ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ನೋಡುವ ಪರೀಕ್ಷೆಯಾದರೂ, ಅರ್ಥವುಳ್ಳದ್ದು. ಚರ್ಮ ವರ್ಷಕ್ಕೊಮ್ಮೆ. ಮೊದಲ ವರ್ಷದಲ್ಲಿ ಕತ್ತು, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು, ಕಾರಣವಿಲ್ಲದ ಜ್ವರ ಇವುಗಳ ಮೇಲೆ ಕಣ್ಣಿರಲಿ, ದುಗ್ಧರಸ ಗ್ರಂಥಿಯ ಒಂದು ಬಗೆಯ ಕ್ಯಾನ್ಸರ್ ಕಸಿಯ ನಂತರ ಬೇಗನೆ ಬರಬಹುದು.

ನಳಿನಿ_ಪಿ
ಹೆಂಗಸರಿಗೆ ಒಂದು ಮಾತು. ನಾನು ಆರು ವರ್ಷ ಗರ್ಭಕಂಠದ ಪರೀಕ್ಷೆ ಮಾಡಿಸಿರಲಿಲ್ಲ. ಕಿಡ್ನಿ ವೈದ್ಯರು ಸ್ತ್ರೀರೋಗ ತಜ್ಞರು ನೋಡುತ್ತಾರೆಂದುಕೊಂಡಿದ್ದರು, ಅವರು ಇವರು ನೋಡುತ್ತಾರೆಂದು. ಮಾಡಿಸಿದಾಗ ಕ್ಯಾನ್ಸರಿಗೆ ಮುಂಚಿನ ಹಂತ ಸಿಕ್ಕಿತು, ತೆಗೆದರು. ಈಗ ವರ್ಷಕ್ಕೊಮ್ಮೆ. ಎಚ್‌ಪಿವಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಆದ್ದರಿಂದ ಕಸಿಯಾದವರೂ ಪಡೆಯಬಹುದು ಎಂದರು.

ರಾಘವೇಂದ್ರ_7ವರ್ಷ
ನನ್ನ ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಹಳೆಯ ಎರಡು ಕಿಡ್ನಿಗಳ ಅಲ್ಟ್ರಾಸೌಂಡ್ ಮಾಡುತ್ತಾರೆ. ಅವುಗಳಲ್ಲೇ ಗಡ್ಡೆ ಬರುತ್ತದಂತೆ. ಇದೂ ಬೇಡವೇ?

ಜ್ಯೋತ್ಸ್ನಾ_ನಿವೃತ್ತ
ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಕೆಲಸ ನಿಲ್ಲಿಸಿದ ಹಳೆಯ ಕಿಡ್ನಿಗಳಲ್ಲಿ, ಮುಖ್ಯವಾಗಿ ದೀರ್ಘಕಾಲ ಡಯಾಲಿಸಿಸ್ ಆಗಿ ನೀರ್ಗುಳ್ಳೆ ಬೆಳೆದವರಲ್ಲಿ, ಗಡ್ಡೆ ಹೆಚ್ಚು ಎಂಬುದು ನಿಜ. ಕೆಲವು ಕಡೆ ಎಲ್ಲರಿಗೂ ಸ್ಕ್ಯಾನ್, ಕೆಲವು ಕಡೆ ಅಪಾಯ ಹೆಚ್ಚಿರುವವರಿಗೆ ಮಾತ್ರ. ನನ್ನ ವಾರ್ಡಿನಲ್ಲಿ ಇಬ್ಬರು ಹಿರಿಯ ವೈದ್ಯರು ಇದರ ಬಗ್ಗೆ ಕೊನೆಯವರೆಗೂ ಒಪ್ಪಲಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಯಾರೂ ಕಾಯುವುದಿಲ್ಲ.

ಮಂಜು_ಡಯಾಲಿಸಿಸ್
ನಾನು ತಪ್ಪು ಸಲಹೆ ಕೊಟ್ಟಿದ್ದಕ್ಕೆ ಕ್ಷಮಿಸಿ ಸುಮನಾ ಅವರೇ. ನನ್ನ ಹೆಸರು ಕಸಿಯ ಪಟ್ಟಿಯಲ್ಲಿದೆ, ಇದನ್ನೆಲ್ಲ ಬರೆದಿಟ್ಟುಕೊಳ್ಳುತ್ತಿದ್ದೇನೆ. ಜ್ಯೋತ್ಸ್ನಾ ಮೇಡಂ, ಎಚ್‌ಪಿವಿ ಲಸಿಕೆ, ಚರ್ಮದ ತಪಾಸಣೆ ಇವನ್ನು ಕಸಿಗೆ ಮುಂಚೆಯೇ ಮಾಡಿಸಬಹುದೇ?

ಜ್ಯೋತ್ಸ್ನಾ_ನಿವೃತ್ತ
ಮುಂಚೆ ಮಾಡಿಸುವುದೇ ಉತ್ತಮ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳು ಶುರುವಾದ ಮೇಲೆ ಲಸಿಕೆಗೆ ದೇಹದ ಸ್ಪಂದನ ಕುಗ್ಗುತ್ತದೆ. ಜೀವಂತ ವೈರಸ್ ಇರುವ ಲಸಿಕೆಗಳನ್ನಂತೂ ಆಮೇಲೆ ಕೊಡುವಂತೆಯೇ ಇಲ್ಲ. ನಿಮಗೆ ಬಾಕಿ ಇರುವ ಲಸಿಕೆಗಳ ಪಟ್ಟಿಯನ್ನು ಮುಂದಿನ ಡಯಾಲಿಸಿಸ್ ದಿನವೇ ಕೇಳಿ ಪಡೆಯಿರಿ.

ಸುಮನಾ_ಕೆ
ಮೂರು ವಾರದ ಸುದ್ದಿ ತಿಳಿಸುತ್ತೇನೆ. ಲೆವೆಲ್ 6.9, ಕ್ರಿಯಾಟಿನಿನ್ 1.2. ರಸ ಪೂರ್ತಿ ನಿಂತಿದೆ, ತೂಕ 65.5. ಮಧ್ಯಾಹ್ನದ ಸಕ್ಕರೆ 168ಕ್ಕೆ ಇಳಿದಿದೆ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮುಂದಿನ ತಿಂಗಳು, ಅದರ ನಂತರವೇ ಮಾತ್ರೆ ಬೇಕೇ ಎಂದು ನಿರ್ಧರಿಸುತ್ತಾರಂತೆ. ಪ್ಯಾಕೇಜ್ ಮಾಡಿಸಲಿಲ್ಲ. ಮೊನ್ನೆ ಬೆನ್ನು ನೋಡುವಾಗ ಭುಜದ ಕೆಳಗೆ ಸಣ್ಣ ಒರಟು ಮಚ್ಚೆ ಕಂಡಿತು. ಮೊದಲಿನಿಂದ ಇತ್ತೋ ಇಲ್ಲವೋ ಇಬ್ಬರಿಗೂ ನೆನಪಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿದ್ದೇನೆ, ಗುರುವಾರ ಚರ್ಮತಜ್ಞರ ಭೇಟಿ ಇದೆ.